ಹೊಡೆದರೆ ಸುಳ್ಳು ನಿಲ್ಲುವುದಿಲ್ಲ, ಪಳಗುತ್ತದೆ

“ನನ್ನ ಮಗನಿಗೆ ನಾಲ್ಕೂವರೆ ವರ್ಷ. ಜೋನಿ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಾನೆ. ಕೇಳಿದರೆ ಬಾಯಿಗೆಲ್ಲ ಬೆಲ್ಲ ಮೆತ್ತಿಕೊಂಡೇ ‘ಬೆಕ್ಕು ತಿಂತು’ ಅನ್ನುತ್ತಾನೆ. ಈಗಲೇ ನಾಲ್ಕು ಬಿಟ್ಟರೆ ಸರಿಹೋಗುತ್ತಾನೆ ಅಂತಾರೆ ನಮ್ಮ ಮಾವ. ನೀವೇನಂತೀರಿ?”
– ಓದುಗರೊಬ್ಬರು, ತೀರ್ಥಹಳ್ಳಿ

ಮೊಮ್ಮಗ ಸುಳ್ಳುಗಾರನಾಗಬಾರದು ಎಂಬ ನಿಮ್ಮ ಮಾವನವರ ಕಾಳಜಿ ಸರಿಯೇ. ಮದ್ದು ಮಾತ್ರ ತಪ್ಪು.

ತನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲದಿರಬಹುದು ಎಂಬ ಅರಿವು ಮಕ್ಕಳಿಗೆ ಗಟ್ಟಿಯಾಗುವುದು ನಾಲ್ಕರ ಆಸುಪಾಸಿನಲ್ಲಿ. ಸುಳ್ಳಿಗೆ ಆ ಅರಿವು ಬೇಕು. ನಿಮ್ಮ ಮಗನಿಗೆ ಅದು ಅರ್ಧ ಬಂದಿದೆ. ಡಬ್ಬಿ ತೆಗೆದದ್ದನ್ನು ಅಮ್ಮ ನೋಡಿಲ್ಲ ಎಂದು ಗೊತ್ತು. ತನ್ನ ಬಾಯಿ ಅಮ್ಮನಿಗೆ ಕಾಣುತ್ತದೆ ಎಂದು ಹೊಳೆದಿಲ್ಲ, ಅಷ್ಟೇ.

ಈಗ ಹೊಡೆದರೆ ಏನಾಗುತ್ತದೆ? ಮನೋವಿಜ್ಞಾನಿಗಳಾದ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳಲ್ಲಿ ಇದನ್ನೇ ನೋಡಿ 2011ರಲ್ಲಿ ಪ್ರಕಟಿಸಿದರು. ಒಂದರಲ್ಲಿ ಕೋಲಿನ ಪೆಟ್ಟು ದಿನನಿತ್ಯದ ಮಾತು, ಇನ್ನೊಂದರಲ್ಲಿ ಬರೀ ಗದರಿಕೆ. ಮೂರು-ನಾಲ್ಕು ವರ್ಷದ ಮಗುವಿನ ಬೆನ್ನ ಹಿಂದೆ ಆಟಿಕೆ ಇಟ್ಟು, ‘ತಿರುಗಿ ನೋಡಬೇಡ’ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಎರಡೂ ಕಡೆ ಹೆಚ್ಚಿನ ಮಕ್ಕಳು ಇಣುಕಿದರು. ಆದರೆ ‘ತಿರುಗಿ ನೋಡಿದೆಯಾ?’ ಎಂದು ಕೇಳಿದಾಗ ಗದರಿಕೆಯ ಶಾಲೆಯಲ್ಲಿ ಇಣುಕಿದವರಲ್ಲಿ ಅರ್ಧದಷ್ಟು ಮಕ್ಕಳು ಸುಳ್ಳು ಹೇಳಿದರೆ, ಕೋಲಿನ ಶಾಲೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳಿದರು. ‘ಹಾಗಾದರೆ ಅದು ಯಾವ ಆಟಿಕೆ ಇರಬಹುದು?’ ಎಂದು ಕೇಳಿದಾಗ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಟಿಸುವುದರಲ್ಲೂ ಅವರೇ ಜಾಣರಾಗಿದ್ದರು. ಪೆಟ್ಟು ತಿಂದ ನಿಮ್ಮ ಮಗನೂ ಮುಂದಿನ ಸಲ ಬಾಯಿ ತೊಳೆದುಕೊಂಡು ಬರುತ್ತಾನೆ.

ನೀವೂ ಒಂದು ತಪ್ಪು ಮಾಡುತ್ತಿದ್ದೀರಿ, ಬೇಜಾರು ಮಾಡ್ಕೋಬೇಡಿ. ಕಣ್ಣೆದುರು ಬೆಲ್ಲ ಕಾಣುತ್ತಿರುವಾಗ ‘ಯಾರು ತಿಂದದ್ದು?’ ಎಂದು ಯಾಕೆ ಕೇಳುತ್ತೀರಿ? ಅದು ಮಗುವನ್ನು ಸುಳ್ಳಿಗೆ ದೂಡುವ ಪ್ರಶ್ನೆ. ‘ಬೆಲ್ಲ ತಿಂದಿದ್ದೀಯ. ಬಾ, ನೆಲ ಒರೆಸೋಣ’ ಅನ್ನಿ. ಬಟ್ಟೆ ಅವನ ಕೈಗೇ ಕೊಡಿ. ನಿಮಗೆ ನಿಜವಾಗಿಯೂ ಗೊತ್ತಿಲ್ಲದಾಗ ಮಾತ್ರ ಕೇಳಿ. ಕೇಳುವ ಮೊದಲು ‘ನಿಜ ಹೇಳಿದರೆ ನನಗೆ ಖುಷಿಯಾಗುತ್ತೆ’ ಅನ್ನಿ. ಅವನು ಒಪ್ಪಿಕೊಂಡರೆ ಆ ಮಾತು ಉಳಿಸಿಕೊಳ್ಳಿ. ಚೆಲ್ಲಿದ್ದನ್ನು ಒರೆಸಲಿ, ಆದರೆ ನಿಜ ಹೇಳಿದ್ದಕ್ಕೆ ಬೈಗುಳ ಬೇಡ. ಒಮ್ಮೆ ಬೈದರೂ ನಿಮ್ಮ ಖುಷಿಯ ಮಾತನ್ನು ಅವನು ಇನ್ನು ನಂಬುವುದಿಲ್ಲ. ಒಂದೇ ವಾರದಲ್ಲಿ ಬೆಕ್ಕಿನ ಕಥೆ ನಿಲ್ಲುವುದೂ ಇಲ್ಲ, ತಿಂಗಳುಗಟ್ಟಲೆ ಕಾಯಬೇಕು.

ಇನ್ನು ದೊಡ್ಡವರ ವಿಷಯ. ಅಡಿಕೆ ಮಂಡಿಯಿಂದ ಫೋನ್ ಬಂದರೆ ‘ಅಪ್ಪ ಮನೇಲಿಲ್ಲ ಅನ್ನು’ ಎಂದು ಮಗುವಿನ ಕೈಗೆ ಫೋನ್ ಕೊಡುವ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. ಶಾಲೆಗಳೂ ಹಾಗೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನು, ಮನಸ್ಸು ನೋಯಿಸುವ ಶಿಕ್ಷೆಯನ್ನು ನಿಷೇಧಿಸಿದೆ. ಆದರೂ ‘ನಾಲ್ಕು ಬಿಟ್ಟರೂ ಪರವಾಗಿಲ್ಲ ಸಾರ್, ಬುದ್ಧಿ ಕಲಿಸಿ’ ಎಂದು ಹೆತ್ತವರೇ ಹೇಳಿ ಬರುತ್ತಾರೆ. ಮಗನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ನೀವು ಇದರ ಉಲ್ಟಾ ಹೇಳಿ. ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.