ರಾತ್ರಿ ಡ್ಯೂಟಿಯ ಮನೆಯಲ್ಲಿ ಮೌನದ ಹೊತ್ತು ಯಾವುದು?

ಪ್ರಶ್ನೆ: ನಮ್ಮ ಮನಿಯವರಿಗೆ ರಾತ್ರಿ 10ರಿಂದ ಮುಂಜಾನೆ 6ರ ತನಕ ಡ್ಯೂಟಿ. ಮಗಳು ಪಿಯುಸಿ ಪರೀಕ್ಷೆಗೆ ಮನ್ಯಾಗ ಓದಾಕತ್ಯಾಳ, ಬಾಯಿ ಮಾಡಿ ಓದಿದ್ರಷ್ಟೇ ತಲಿಗೆ ಹತ್ತತೈತಿ ಅಂತಾಳ. ಇರೋದು ಎರಡೇ ಖೋಲಿ. ದಿನಾ ಜಗಳ.
– ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಇಡೀ ದಿನ ಪಿಸುಮಾತಿನಲ್ಲೇ ಕಳೆಯುವ ನಿಯಮ ಮಾಡಬೇಡಿ, ಅದು ಒಂದು ವಾರವೂ ನಿಲ್ಲದು. ಮೌನ ಬೆಳಿಗ್ಗೆ 8ಕ್ಕೆ ಶುರುವಾಗಲಿ, ಮಧ್ಯಾಹ್ನ 3ಕ್ಕೆ ಮುಗಿಯಲಿ.

ಬಹಳ ಮನೆಗಳಲ್ಲಿ ಆಗುವ ತಪ್ಪು ಒಂದೇ. ಬೆಳಿಗ್ಗೆ ಎಲ್ಲರೂ ಬೆಕ್ಕಿನ ಹೆಜ್ಜೆ ಇಡುತ್ತಾರೆ, 12 ಆದ ಕೂಡಲೇ 'ನಾಲ್ಕು ತಾಸು ಮಲಗಿದ್ದಾರಲ್ಲ' ಎಂದು ಕುಕ್ಕರ್ ಇಡುತ್ತಾರೆ. ಆಗಬೇಕಾದದ್ದು ಇದರ ತದ್ವಿರುದ್ಧ. ಗಾಢ ನಿದ್ದೆ ಬರುವುದು ಹೆಚ್ಚಾಗಿ ಮೊದಲ ತಾಸುಗಳಲ್ಲಿ. ಮಧ್ಯಾಹ್ನದ ಹೊತ್ತಿಗೆ ನಿದ್ದೆ ತೆಳುವಾಗಿರುತ್ತದೆ, ದೇಹದ ಗಡಿಯಾರವೂ ಎಬ್ಬಿಸಲು ನೋಡುತ್ತಿರುತ್ತದೆ. ಆಗ ಒಂದು ಸೀಟಿಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಬಿಗಿ ಬೇಕಾದದ್ದು 11.30ರಿಂದ 3ರವರೆಗೆ.

ಹಾಗಾಗಿ ರೊಟ್ಟಿ ಬಡಿಯುವುದು, ಕುಕ್ಕರ್, ಒಗ್ಗರಣೆ ಎಲ್ಲ 7.45ರೊಳಗೆ ಮುಗಿಸಿ. ಮಿಕ್ಸರ್ 3ರ ನಂತರ. ಮಗಳ ಬಾಯಿಪಾಠಕ್ಕೆ ಅಪ್ಪ ಮನೆಯಲ್ಲಿಲ್ಲದ ಹೊತ್ತು ಇದ್ದೇ ಇದೆ: ಬೆಳಿಗ್ಗೆ 5ರಿಂದ 6.15. 8ರಿಂದ 3ರ ನಡುವೆ ಲೆಕ್ಕ, ಚಿತ್ರ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಅಂದರೆ ಪೆನ್ನಿನ ಕೆಲಸ ಮಾತ್ರ. ಪ್ರತಿಯಾಗಿ ಸಂಜೆ 6ರಿಂದ 8.30 ಅವಳ ಮೌನದ ಹೊತ್ತು. ಆಗ ಟಿವಿ ಬಂದ್, ಫೋನಿನಲ್ಲಿ ಮಾತಾಡುವವರು ಕಟ್ಟೆಗೆ ಹೋಗಬೇಕು. ಇದು ಅಪ್ಪನಿಗೂ ಅನ್ವಯ. ಒಬ್ಬರಿಗಷ್ಟೇ ಇರುವ ಮೌನವನ್ನು ಇನ್ನೊಬ್ಬರು ಪಾಲಿಸುವುದಿಲ್ಲ.

ನಳಕ್ಕೆ ನೀರು ಬರುವ ದಿನ ಈ ವೇಳಾಪಟ್ಟಿ ಕೆಡುವುದು ಖಚಿತ. ಖಾಲಿ ಡ್ರಮ್‌ಗೆ ಮೇಲಿಂದ ನೀರು ಬಿದ್ದರೆ ತಮಟೆಯಂತೆ ಬಡಿಯುತ್ತದೆ. ಪೈಪಿನ ತುದಿಯನ್ನು ಡ್ರಮ್ಮಿನ ಒಳಗೋಡೆಗೆ ತಾಗಿಸಿ ಕಟ್ಟಿ, ನೀರು ಗೋಡೆ ಹಿಡಿದು ಇಳಿಯಲಿ. ತುದಿ ನೀರಿನಲ್ಲಿ ಮುಳುಗಬಾರದು, ಪೂರೈಕೆ ನಿಂತಾಗ ಡ್ರಮ್ಮಿನ ನೀರು ಹಿಂದಕ್ಕೆ ಎಳೆದುಕೊಂಡೀತು. ಕೊಡಗಳನ್ನು ಹಿಂದಿನ ರಾತ್ರಿಯೇ ಹೊರಗಿಡಿ.

ಇಷ್ಟಾದ ಮೇಲೂ ಎಚ್ಚರವಾದರೆ ಒಂದು ವಾರ ಎದ್ದ ಹೊತ್ತು ಬರೆದಿಡಿ. ದಿನಾ ಅದೇ ಹೊತ್ತಾದರೆ ಕಾರಣ ಒಂದು ಸದ್ದು, ಅದನ್ನು ಹುಡುಕಿ. ಹೊತ್ತು ಬೇರೆಬೇರೆಯಾದರೆ ಚಹಾ ಮತ್ತು ಬೆಳಕನ್ನು ನೋಡಿ: ಡ್ಯೂಟಿಯಲ್ಲಿ ರಾತ್ರಿ 2ರ ನಂತರ ಚಹಾ ಬೇಡ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ.

ಪ್ರಶ್ನೆ: ಹಗಲು ಮಲಗಲು ಮೆಡಿಕಲ್ ಶಾಪಿನವರು ಗುಳಿಗಿ ಕೊಟ್ಟಾರ, ತಗೋಬಹುದಾ?
– ಗದಗ

ಉತ್ತರ: ಬೇಡ. ವೈದ್ಯರ ಚೀಟಿಯಿಲ್ಲದೆ ನಿದ್ದೆ ಗುಳಿಗೆ ಕೊಡುವ ಅಂಗಡಿಯಿಂದ ಜ್ವರದ ಗುಳಿಗೆಯನ್ನೂ ತರಬೇಡಿ.

ಪ್ರಶ್ನೆ: ನೆನಪಿನ ಶಕ್ತಿಯ ಟಾನಿಕ್ ಕೊಟ್ಟರೆ ಗದ್ದಲದಲ್ಲೂ ಓದು ಹತ್ತುತ್ತದೆಯೇ?
– ರಾಣೆಬೆನ್ನೂರು

ಉತ್ತರ: ಇಲ್ಲ. ಆ ದುಡ್ಡಿನಲ್ಲಿ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ತನ್ನಿ.