ನಲವತ್ತರವರಿಗೂ ಒಂದು ಸಾಲು

*ಮಾನ್ಯ ಸಂಪಾದಕರೇ, ನಾನು ಶೇರು ಇಟ್ಟುಕೊಂಡಿರುವ ಕಂಪನಿಗೆ ಅದರ ಅಂಗಸಂಸ್ಥೆಯಲ್ಲಿ ಇರುವುದು ನೂರಕ್ಕೆ ಅರವತ್ತು ಪಾಲು ಮಾತ್ರ. ಆದರೂ ಕ್ರೋಢೀಕೃತ ಲೆಕ್ಕಪತ್ರದಲ್ಲಿ ಆ ಅಂಗಸಂಸ್ಥೆಯ ಆಸ್ತಿ, ಸಾಲ, ವಹಿವಾಟು ಎಲ್ಲವನ್ನೂ ಪೂರ್ತಿ ಸೇರಿಸಿದ್ದಾರೆ. ಬೇರೆಯವರ ನಲವತ್ತನ್ನೂ ತಮ್ಮದೆಂದು ತೋರಿಸುವುದು ಮೋಸವಲ್ಲವೇ? ಅರವತ್ತನ್ನಷ್ಟೇ ಸೇರಿಸಿದರೆ ಸಾಲದೇ?*
*— ಓದುಗರೊಬ್ಬರು, ತೀರ್ಥಹಳ್ಳಿ*

ವಾರ್ಷಿಕ ವರದಿಯನ್ನು ಲಾಭಾಂಶದ ಪುಟ ದಾಟಿ ಓದುವವರು ನಮ್ಮ ಕಡೆ ಕಡಿಮೆ. ನೀವು ಓದಿದ್ದೀರಿ, ಅದಕ್ಕೆ ನಿಮ್ಮ ಕಾಗದವನ್ನೇ ಈ ತಿಂಗಳು ಎತ್ತಿಕೊಂಡೆ. ನಿಮ್ಮ ಅನುಮಾನದಲ್ಲಿ ಹುರುಳಿದೆ. ತನ್ನದಲ್ಲದ ಪಾಲನ್ನು ಕೂಡಿಸಿಕೊಂಡರೆ ಕಂಪನಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದು ನಿಜ. ಆದರೆ ‘ಮೋಸ’ ಎನ್ನುವ ಮೊದಲು ನೀವು ಇನ್ನೆರಡು ಪುಟ ತಿರುಗಿಸಬೇಕಿತ್ತು.

ಒಟ್ಟು ಕುಟುಂಬದ ತೋಟ ನೋಡಿದ್ದೀರಲ್ಲ. ಅಡಿಕೆ ಕೊನೆ ಯಾವಾಗ ತೆಗೆಸಬೇಕು, ಯಾವ ಮಂಡಿಗೆ ಹಾಕಬೇಕು ಎಂದು ನಿರ್ಧರಿಸುವುದು ಯಜಮಾನ. ಅವನು ಮಾರುವುದು ತನ್ನ ಪಾಲಿನ ಅಡಿಕೆಯನ್ನಲ್ಲ, ಇಡೀ ತೋಟದ್ದನ್ನು. ತಮ್ಮಂದಿರ ಪಾಲು ಆಮೇಲೆ ಲೆಕ್ಕಕ್ಕೆ ಬರುತ್ತದೆ. ಕ್ರೋಢೀಕರಣದ ತಳಹದಿಯೂ ಈ ನಿಯಂತ್ರಣವೇ. ಅರವತ್ತು ಪಾಲಿರುವ ಪೋಷಕ ಕಂಪನಿ ಅಂಗಸಂಸ್ಥೆಯ ಬಾಯ್ಲರಿನಲ್ಲಿ ನೂರಕ್ಕೆ ಅರವತ್ತನ್ನಷ್ಟೇ ಉರಿಸುವುದಿಲ್ಲ. ಹಾಗಾಗಿ ಇಂಡ್ ಎಎಸ್ 110 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡ ಪೂರ್ತಿ ಸೇರಿಸು ಎನ್ನುತ್ತದೆ, ಹೊರಗಿನವರ ಪಾಲನ್ನು ಈಕ್ವಿಟಿಯ ಒಳಗೇ ಬೇರೆ ಸಾಲಿನಲ್ಲಿ ತೋರಿಸು ಎಂದೂ ಹೇಳುತ್ತದೆ. ಆ ಸಾಲಿಗೆ ನಾನ್-ಕಂಟ್ರೋಲಿಂಗ್ ಇಂಟರೆಸ್ಟ್ ಎಂದು ಹೆಸರು. ಹಳಬರು ಈಗಲೂ ಮೈನಾರಿಟಿ ಇಂಟರೆಸ್ಟ್ ಎನ್ನುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ತೆರಿಗೆಯನ್ನು ಸದ್ಯಕ್ಕೆ ಬಿಡಿ. ಶಿವಮೊಗ್ಗದ ಅಡಿಕೆ ವ್ಯಾಪಾರದ ಕಂಪನಿಯೊಂದು ಏಪ್ರಿಲ್ 1ರಂದು ಸಾಗರದ ಕಡೆಯ ಸಂಸ್ಕರಣಾ ಘಟಕದ 60% ಶೇರನ್ನು 90 ಲಕ್ಷಕ್ಕೆ ಕೊಂಡಿತು. ಅಂದು ಘಟಕದ ಶೇರು ಬಂಡವಾಳ 80 ಲಕ್ಷ, ಮೀಸಲು 40 ಲಕ್ಷ. ಆಸ್ತಿಯಲ್ಲಿ ಸಾಲ ಕಳೆದರೆ ಉಳಿಯುವುದು 120 ಲಕ್ಷ, ಪೇಟೆ ಬೆಲೆಯೂ ಅಷ್ಟೇ ಎಂದಿಟ್ಟುಕೊಳ್ಳಿ. ಹೊರಗಿನವರ 40% ಪಾಲು 48 ಲಕ್ಷ. ಕೊಟ್ಟ 90, ಅವರ 48, ಕೂಡಿದರೆ 138. ಅದರಲ್ಲಿ 120 ಕಳೆದರೆ 18 ಲಕ್ಷ, ಆಸ್ತಿಯ ಬೆಲೆಗಿಂತ ಹೆಚ್ಚು ಕೊಟ್ಟ ಈ ಮೊತ್ತವೇ ಗುಡ್‌ವಿಲ್. ಪೋಷಕ ಕಂಪನಿಯ ಪುಸ್ತಕದಲ್ಲಿದ್ದ ‘ಹೂಡಿಕೆ 90 ಲಕ್ಷ’ವೂ ಘಟಕದ ಬಂಡವಾಳ, ಮೀಸಲುಗಳೂ ಇಲ್ಲಿಗೆ ವಜಾ ಆಗುತ್ತವೆ. ಇವನ್ನು ಹಾಗೇ ಬಿಟ್ಟರೆ ಅದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ. (ಹೊರಗಿನವರ ಪಾಲನ್ನು ಹೀಗೆ ಭಾಗ ಹಾಕಿ ಅಳೆಯುವ ಬದಲು ಅದರ ಪೇಟೆ ಬೆಲೆಯಿಂದಲೂ ಅಳೆಯಬಹುದು. ಅದು 56 ಲಕ್ಷವಾದರೆ ಗುಡ್‌ವಿಲ್ 26 ಲಕ್ಷವಾಗುತ್ತದೆ. ಯಾವ ದಾರಿ ಹಿಡಿದಿದ್ದಾರೆಂದು ಟಿಪ್ಪಣಿಯಲ್ಲಿ ನೋಡಿ.)

ಆ ವರ್ಷ ಘಟಕದ ಲಾಭ 30 ಲಕ್ಷ. ಅದು 30 ಲಕ್ಷ ಅಸಲಿನ ರಾಶಿ ಅಡಿಕೆಯನ್ನು ಪೋಷಕ ಕಂಪನಿಗೇ 40 ಲಕ್ಷಕ್ಕೆ ಮಾರಿತ್ತು, ಅರ್ಧ ಮಾಲು ಮಾರ್ಚ್ 31ಕ್ಕೂ ಗೋದಾಮಿನಲ್ಲೇ ಇತ್ತು. ಎರಡೂ ಒಂದೇ ಮನೆ ಎಂದ ಮೇಲೆ 40 ಲಕ್ಷದ ಮಾರಾಟ ಮತ್ತು ಖರೀದಿ ಎರಡನ್ನೂ ತೆಗೆಯಬೇಕು. ಗೋದಾಮಿನ ಮಾಲಿನಲ್ಲಿ ಅಡಗಿರುವ 5 ಲಕ್ಷದ ಲಾಭ ಇನ್ನೂ ಹೊರಗಿನ ಗಿರಾಕಿಯಿಂದ ಬಂದಿಲ್ಲ, ಅದನ್ನು ಸರಕಿನ ಬೆಲೆಯಿಂದ ಪೂರ್ತಿ ಕಳೆಯಬೇಕು. ಮಾರಿದ್ದು ಅಂಗಸಂಸ್ಥೆಯಾದ್ದರಿಂದ ಈ ಕಡಿತ ನಲವತ್ತು ಪಾಲಿನವರಿಗೂ ತಟ್ಟುತ್ತದೆ: ಅವರ ಲಾಭ 25 ಲಕ್ಷದ 40%, ಅಂದರೆ 10 ಲಕ್ಷ. ಪೋಷಕ ಕಂಪನಿಯೇ ಘಟಕಕ್ಕೆ ಮಾರಿದ್ದರೆ ಕಡಿತವನ್ನೆಲ್ಲ ಅದರ ಶೇರುದಾರರೇ ಹೊರುತ್ತಿದ್ದರು. ಲೆಕ್ಕ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಘಟಕ 10 ಲಕ್ಷ ಲಾಭಾಂಶ ಹಂಚಿತು. 6 ಲಕ್ಷ ಪೋಷಕ ಕಂಪನಿಗೆ ಬಂತು. ಅದು ಮನೆಯೊಳಗಿನ ಹಣ, ಆದಾಯದಿಂದ ತೆಗೆಯಬೇಕು. 4 ಲಕ್ಷ ಹೊರಗಿನವರಿಗೆ ಹೋಯಿತು, ಅದು ಅವರ ಸಾಲಿನಿಂದ ಕಳೆಯುತ್ತದೆ. ಈಗ 48ಕ್ಕೆ 10 ಕೂಡಿಸಿ 4 ಕಳೆದರೆ 54 ಲಕ್ಷ. ಇದು ಸರಿಯೇ ಎಂದು ಇನ್ನೊಂದು ದಾರಿಯಿಂದಲೂ ನೋಡಬಹುದು. ವರ್ಷದ ಕೊನೆಗೆ ಘಟಕದ ನಿವ್ವಳ ಆಸ್ತಿ 140 ಲಕ್ಷ. ಗೋದಾಮಿನ 5 ಕಳೆದರೆ 135, ಅದರ 40% ಅದೇ 54. ಎರಡು ದಾರಿಯ ಉತ್ತರ ತಾಳೆಯಾಗದಿದ್ದರೆ ಎಲ್ಲೋ ಒಂದು ವಜಾ ತಪ್ಪಿದೆ ಎಂದೇ ಅರ್ಥ.

ಪೋಷಕ ಕಂಪನಿಯ ಸ್ವಂತ ಲಾಭ, ಆ 6 ಲಕ್ಷ ಸೇರಿ, 70 ಲಕ್ಷ ಎನ್ನಿ. ಸಮೂಹದ ಲಾಭ 64ಕ್ಕೆ 25 ಕೂಡಿ 89 ಲಕ್ಷ. ಅದರ ಕೆಳಗೇ ಕಡ್ಡಾಯವಾಗಿ ಎರಡು ಸಾಲು ಬರುತ್ತವೆ: ಪೋಷಕ ಕಂಪನಿಯ ಶೇರುದಾರರಿಗೆ 79, ಹೊರಗಿನವರಿಗೆ 10. ನಿಮಗೆ ಸಂಬಂಧಪಟ್ಟದ್ದು 79. ಪ್ರತಿ ಶೇರಿನ ಗಳಿಕೆಯನ್ನು ಲೆಕ್ಕ ಹಾಕುವುದೂ ಅದರಿಂದಲೇ. ನೀವು ಕೇಳಿದಂತೆ ಅರವತ್ತನ್ನಷ್ಟೇ ಸೇರಿಸಿದ್ದರೂ ಈ 79 ಬದಲಾಗುತ್ತಿರಲಿಲ್ಲ. ಆದರೆ ಘಟಕದ ಬ್ಯಾಂಕ್ ಸಾಲದಲ್ಲಿ ನೂರಕ್ಕೆ ನಲವತ್ತು ಕಣ್ಣಿಂದ ಮರೆಯಾಗುತ್ತಿತ್ತು. ಬ್ಯಾಂಕಿನವರು ಆ ಘಟಕದಿಂದ ಪೂರ್ತಿ ಸಾಲ ವಸೂಲು ಮಾಡುತ್ತಾರೆಯೇ ಹೊರತು ಪಾಲು ನೋಡಿ ಬಿಡುವುದಿಲ್ಲ. ಈ ಒಂದೇ ಕಾರಣಕ್ಕೆ ಪೂರ್ತಿ ಸೇರಿಸುವ ಪದ್ಧತಿಯೇ ಪ್ರಾಮಾಣಿಕ ಎಂದು ನಾನು ನಂಬಿದ್ದೇನೆ.

ನಷ್ಟದ ವಿಷಯವನ್ನೂ ಹೇಳಬೇಕು. ಇಂಡ್ ಎಎಸ್ ಅನ್ವಯಿಸದ ಕಂಪನಿಗಳು ಪಾಲಿಸುವ ಎಎಸ್ 21 ಎಂಬ ಮಾನದಂಡದಲ್ಲಿ ಮೈನಾರಿಟಿ ಇಂಟರೆಸ್ಟ್ ಈಕ್ವಿಟಿಗೂ ಸೇರದೆ ಸಾಲಕ್ಕೂ ಸೇರದೆ ಬೇರೆಯಾಗಿ ನಿಲ್ಲುತ್ತದೆ. ಹೊರಗಿನವರ ಪಾಲನ್ನು ಮೀರಿದ ನಷ್ಟ, ಅದನ್ನು ತುಂಬಿಕೊಡುವ ಕಟ್ಟುಪಾಡು ಅವರಿಗಿಲ್ಲದಿದ್ದರೆ, ಪೋಷಕ ಕಂಪನಿಯ ತಲೆಗೇ ಬರುತ್ತದೆ. ಇಂಡ್ ಎಎಸ್ 110ರಲ್ಲಿ ಆ ಸಾಲು ಸೊನ್ನೆಗಿಂತ ಕೆಳಗೂ ಇಳಿಯಬಹುದು. ಹೊರಗಿನವರೂ ಮಾಲೀಕರೇ ಎಂದು ಒಪ್ಪಿಕೊಂಡ ಮೇಲೆ ಇದೇ ನ್ಯಾಯ. ಆದರೆ ಓದುವವರು ಎಚ್ಚರವಾಗಿರಬೇಕು. ಋಣದಲ್ಲಿರುವ ಆ ಮೊತ್ತವನ್ನು ಹೊರಗಿನವರು ಕೈಯಿಂದ ತಂದುಕೊಡುವುದಿಲ್ಲ. ಘಟಕದ ಸಾಲಕ್ಕೆ ಪೋಷಕ ಕಂಪನಿ ಜಾಮೀನು ನಿಂತಿದ್ದರೆ ಕೊನೆಗೆ ಹೊರೆ ಅದರ ಮೇಲೆಯೇ ಬೀಳುತ್ತದೆ.

ನನ್ನ ಸಿಟ್ಟು ಇರುವುದು ಲೆಕ್ಕದ ಮೇಲಲ್ಲ, ಅದನ್ನು ಜನರ ಮುಂದಿಡುವ ರೀತಿಯ ಮೇಲೆ. ಅಧ್ಯಕ್ಷರ ಭಾಷಣದಲ್ಲಿ 89, ಪತ್ರಿಕಾ ಪ್ರಕಟಣೆಯಲ್ಲಿ 89, ಮರುದಿನದ ಪತ್ರಿಕೆಯ ತಲೆಬರಹದಲ್ಲೂ 89. ವಾರ್ಷಿಕ ಸಭೆಯೊಂದರಲ್ಲಿ ಹೊಸನಗರದ ಕಡೆಯ ಹಿರಿಯರೊಬ್ಬರು ಎದ್ದು, “ಸ್ವಾಮಿ, ಇದರಲ್ಲಿ ನಮಗೆ ಸೇರಿದ್ದೆಷ್ಟು?” ಎಂದು ಕೇಳಿದರು. ವೇದಿಕೆಯ ಮೇಲಿದ್ದವರು ಇಂಗ್ಲಿಷಿನಲ್ಲಿ ಪುಟದ ಸಂಖ್ಯೆ ಹೇಳಿ ಮುಂದಿನ ಪ್ರಶ್ನೆಗೆ ಹೋದರು. ಆ ಹಿರಿಯರ ಕೈಯಲ್ಲಿದ್ದ ವರದಿಯೂ ಇಂಗ್ಲಿಷಿನದೇ. ಮಲೆನಾಡಿನ ತೋಟದ ದುಡ್ಡು ಬೇಕು ಎನ್ನುವ ಕಂಪನಿಗಳಿಗೆ ಈ ಎರಡು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಏನು ಕಷ್ಟ? ಪತ್ರಿಕೆಯವರಾದ ನಾವೂ ಕಂಪನಿ ಕಳಿಸಿದ ಅಂಕಿಯನ್ನು ಹಾಗೇ ಅಚ್ಚು ಮಾಡುವುದನ್ನು ಬಿಡಬೇಕು.

ಇನ್ನೊಂದು ವಿಷಯ. ಲಾಭಾಂಶ ಘೋಷಿಸುವುದು ಕಂಪನಿಯ ಸ್ವಂತ ಲೆಕ್ಕದ ಲಾಭ ಮತ್ತು ಮೀಸಲಿನಿಂದ, ಕ್ರೋಢೀಕೃತ ಲಾಭದಿಂದಲ್ಲ. ಅಂಗಸಂಸ್ಥೆಯಲ್ಲಿ ಉಳಿದ ಲಾಭ ಅಲ್ಲಿಂದ ಲಾಭಾಂಶವಾಗಿ ಬರುವವರೆಗೂ ನಿಮಗೆ ಹಂಚಲು ಸಿಗುವುದಿಲ್ಲ. ಬಂದಾಗಲೂ ನೂರಕ್ಕೆ ನಲವತ್ತು ಬೇರೆಯವರ ಮನೆಗೆ ಹೋಗುತ್ತದೆ. ನಿಮ್ಮದು ಇಂಡ್ ಎಎಸ್ ಪಾಲಿಸುವ ಕಂಪನಿಯಾದರೆ, ಅಂಗಸಂಸ್ಥೆ ದೊಡ್ಡದಿದ್ದಲ್ಲಿ ಹೊರಗಿನವರ ಪಾಲು ಎಷ್ಟು, ಅವರಿಗೆ ಕೊಟ್ಟ ಲಾಭಾಂಶ ಎಷ್ಟು, ಆ ಸಂಸ್ಥೆಯ ಆಸ್ತಿ ಮತ್ತು ಸಾಲ ಎಷ್ಟು ಎಂದು ಇಂಡ್ ಎಎಸ್ 112ರ ಪ್ರಕಾರ ಟಿಪ್ಪಣಿಯಲ್ಲಿ ಕೊಟ್ಟಿರಲೇಬೇಕು. ಆ ಟಿಪ್ಪಣಿ ಹುಡುಕಿ. ವರ್ಷದ ಆರಂಭದ ಶಿಲ್ಕಿಗೆ ಲಾಭದ ಪಾಲು ಕೂಡಿಸಿ, ಲಾಭಾಂಶ ಕಳೆದು ನೋಡಿ. ವರ್ಷದ ಕೊನೆಯ ಅಂಕಿಗೆ ಅದು ಹೊಂದದಿದ್ದರೆ, ಮತ್ತು ನಡುವೆ ಶೇರು ಕೊಂಡು ಮಾರಿದ ವಿವರವೂ ಇಲ್ಲದಿದ್ದರೆ, ಆ ಪುಟದ ಪ್ರತಿಯೊಂದಿಗೆ ನನಗೆ ಮತ್ತೆ ಬರೆಯಿರಿ.