ಉಪ್ಪಿನಕಾಯಿ ಬಾಟಲಿಯ ಬೂಸ್ಟು ಮತ್ತು ಗಂಡ-ಹೆಂಡಿರ ಜಗಳ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮಳೆಗಾಲದಲ್ಲಿ ಶಿರಸಿ ಕಡೆಯ ದಂಪತಿ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ತಿಂಗಳಿಗೆ ಸಾವಿರ ಬಾಟಲಿ ಮಾರುತ್ತಾರೆ. ಬಾಟಲಿಗೆ ಬೂಸ್ಟು ಹಿಡಿಯುತ್ತಿತ್ತು, ಮನೆಯಲ್ಲಿ ದಿನಾ ಜಗಳ. "ಇವಳು ಸರಿಯಾಗಿ ನೋಡಿ ಕಳಿಸೋದಿಲ್ಲ" ಅನ್ನುವುದು ಗಂಡನ ದೂರು. "ನೋಡಿ ನೋಡಿ ಕಣ್ಣು ಹೋಯ್ತು. ಬಾಟಲಿ ಒಣಗಿಸೋ ಪೆಟ್ಟಿಗೆಗೆ 18,000 ಕೊಡಿ ಅಂದ್ರೆ ಇವರು ಮಾತೇ ಆಡೋದಿಲ್ಲ ಮೇಡಂ" ಅಂದರು ಹೆಂಡತಿ.

ಯಾರ ತಪ್ಪು ಅನ್ನುವುದನ್ನು ಬಿಟ್ಟು ದುಡ್ಡು ಎಲ್ಲೆಲ್ಲಿ ಹೋಗುತ್ತಿದೆ ಎಂದು ಕೇಳಿದೆ. ಬಾಟಲಿಗಳನ್ನು ಹತ್ತು ದಿನ ಇಟ್ಟು ಒಂದೊಂದಾಗಿ ನೋಡುವ ಹೆಂಗಸಿಗೆ ತಿಂಗಳಿಗೆ 2,400 ರೂಪಾಯಿ ಕೂಲಿ. ಇದು ತಪಾಸಣೆಯ ಖರ್ಚು. ಅಲ್ಲಿ ಸಿಕ್ಕಿಬಿದ್ದು ಚೆಲ್ಲುವುದು 30 ಬಾಟಲಿ. ಒಂದು ಬಾಟಲಿ ತಯಾರಾಗಲು 90 ರೂಪಾಯಿ, ಅಂದರೆ 2,700. ಇದು ಒಳಗಿನ ವೈಫಲ್ಯದ ಖರ್ಚು. ಕಣ್ಣು ತಪ್ಪಿಸಿ ಗಿರಾಕಿ ಕೈಗೆ ಹೋಗುವುದು 40. ಅದಕ್ಕೆ ಬದಲಿ ಬಾಟಲಿ ಮತ್ತು ಕೊರಿಯರ್ ಸೇರಿ ತಲಾ 160, ಒಟ್ಟು 6,400. ಇದು ಹೊರಗಿನ ವೈಫಲ್ಯ. ತಡೆಗಟ್ಟುವುದಕ್ಕೆ? ಒಂದು ರೂಪಾಯಿಯೂ ಇಲ್ಲ. ಒಟ್ಟು 11,500.

ಗಂಡ ಸುಮ್ಮನಾದರು. 18,000 ಕಣ್ಣಿಗೆ ಕಾಣುತ್ತಿತ್ತು, ತಿಂಗಳ 11,500 ಕಾಣುತ್ತಿರಲಿಲ್ಲ, ಅಷ್ಟೇ.

ಆದರೂ ತಕ್ಷಣ ಪೆಟ್ಟಿಗೆ ತನ್ನಿ ಅನ್ನಲಿಲ್ಲ. ಬೂಸ್ಟಿಗೆ ಕಾರಣ ಒದ್ದೆ ಬಾಟಲಿಯೇ ಅಂತ ಮೊದಲು ಗೊತ್ತಾಗಬೇಕಲ್ವಾ? ಪ್ರತಿ ಬಾಟಲಿಯ ಮೇಲೆ ತುಂಬಿದ ತಾರೀಕು ಬರೆಯಲು ಹೇಳಿದೆ. ಮುಂದಿನ ತಿಂಗಳು ಕೆಟ್ಟ 30ರಲ್ಲಿ 22 ಬಾಟಲಿ ಜಡಿಮಳೆ ಹಿಡಿದಿದ್ದ ಎರಡೇ ದಿನಗಳಲ್ಲಿ ತುಂಬಿದವು. ತೊಳೆದ ಬಾಟಲಿ ಅವತ್ತು ಒಣಗಿರಲಿಲ್ಲ. ಒಳಗೆ ಉಳಿದ ನೀರು ಮೇಲ್ಭಾಗದ ಉಪ್ಪನ್ನು ತೆಳು ಮಾಡುತ್ತದೆ, ಗಾಳಿ ತಾಗುವ ಅಲ್ಲೇ ಬೂಸ್ಟು ಏಳುತ್ತದೆ.

ಪೆಟ್ಟಿಗೆ ಬಂತು. ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 500, ಕರೆಂಟಿಗೆ 700, ಹೆಚ್ಚುವರಿ ಕೂಲಿ 1,200. ತಡೆಗಟ್ಟುವ ಖರ್ಚು 2,400 ಆಯಿತು. ತಪಾಸಣೆಯನ್ನು ಕೂಡಲೇ ಕಡಿಮೆ ಮಾಡಬೇಡಿ ಎಂದಿದ್ದೆ, ಏಕೆಂದರೆ ಈ ತಿಂಗಳು ವಾಪಸ್ ಬರುವುದು ಹಿಂದೆ ಕಳಿಸಿದ ಮಾಲು, ಪೆಟ್ಟಿಗೆಯ ಫಲ ಅದರಲ್ಲಿ ಇನ್ನೂ ಕಾಣುವುದಿಲ್ಲ. ಮೂರು ತಿಂಗಳ ನಂತರ ಮನೆಯಲ್ಲಿ ಕೆಟ್ಟವು 8 (720 ರೂಪಾಯಿ), ವಾಪಸ್ 6 (960). ಆಗ ತಪಾಸಣೆಯನ್ನು ಅರ್ಧಕ್ಕಿಳಿಸಿದರು, 1,200. ಒಟ್ಟು 5,280.

ಕೊನೆಯ ಭೇಟಿಯಲ್ಲಿ ಹೆಂಡತಿ ಹೊಸದೊಂದು ಕೇಳಿದರು. ಬಾಟಲಿಗೆ 1 ರೂಪಾಯಿ ಜಾಸ್ತಿಯಾಗುವ ಬಿಗಿ ಮುಚ್ಚಳ ಹಾಕಲೇ? ತಿಂಗಳಿಗೆ ಸಾವಿರ ಖರ್ಚು. ಉಳಿದಿರುವ ವೈಫಲ್ಯದ ಖರ್ಚು 1,680. ಮುಚ್ಚಳ ಅದರಲ್ಲಿ ಅರ್ಧ ತಡೆದರೂ ಉಳಿತಾಯ 840, ಸಾವಿರ ಖರ್ಚಿನ ಮುಂದೆ ನಷ್ಟವೇ. ಆದರೆ ದೂರು ಹೇಳದೆ ಬೇರೆ ಅಂಗಡಿಗೆ ಹೋದ ಗಿರಾಕಿ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅದಕ್ಕೇ ನೂರು ಬಾಟಲಿಗೆ ಮಾತ್ರ ಹಾಕಿ ನೋಡಿ ಎಂದೆ. ಈ ಸಲ ತಾರೀಕು ಬರೆಯುವ ಕೆಲಸ ಗಂಡನದ್ದು.